ಮೂರನೆಯ ದಿನದ ಮುಕ್ತಾಯ

2020ರ ಮಾರ್ಚ್ 23, ಸೋಮವಾರ. ನಿಫ್ಟಿ ಸೂಚ್ಯಂಕ ಒಂದೇ ದಿನ 1,135 ಅಂಶ ಕುಸಿಯಿತು. ಅಂದರೆ ಸುಮಾರು ಶೇ 13. ಬೆಳಿಗ್ಗೆ ಶೇ 10 ಬಿದ್ದ ಕೂಡಲೇ ನಿಯಮದಂತೆ ವಹಿವಾಟನ್ನು 45 ನಿಮಿಷ ನಿಲ್ಲಿಸಿದರು. ಮತ್ತೆ ಶುರುವಾದ ಮೇಲೂ ಮಾರುವವರ ಕೈ ನಿಲ್ಲಲಿಲ್ಲ. ಮರುದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು ಇಡೀ ದೇಶಕ್ಕೆ ಲಾಕ್‌ಡೌನ್ ಘೋಷಿಸಿದರು. ಬುಧವಾರ ಯುಗಾದಿ. ಹೋಳಿಗೆಗೆ ಬೇಳೆ ತರಲು ಅಂಗಡಿಗೆ ಹೋಗುವುದೂ ಕಷ್ಟವಾಗಿದ್ದ ಆ ಹಬ್ಬದ ದಿನ ನಿಫ್ಟಿ 500 ಅಂಶಗಳಿಗಿಂತ ಹೆಚ್ಚು ಏರಿತು. ಆ ವಾರ ಕಂಡ ತಳಕ್ಕೆ ಸೂಚ್ಯಂಕ ಇಂದಿನವರೆಗೂ ಮರಳಿಲ್ಲ.

ಆ ಮೂರು ದಿನಗಳನ್ನು ಚಾರ್ಟ್ ನೋಡುವವರು ‘ಮಾರ್ನಿಂಗ್ ಸ್ಟಾರ್’ ಎಂದು ಕರೆಯುತ್ತಾರೆ. ಕಟ್ಟುನಿಟ್ಟಿನವರು ಒಪ್ಪುವುದಿಲ್ಲ. ಈ ಜಗಳವನ್ನು ಬಿಡಿಸುತ್ತಾ ಹೋದರೆ ಮೂರು ಕ್ಯಾಂಡಲ್‌ಗಳ ರೂಪಗಳು ಏನು ಹೇಳುತ್ತವೆ, ಎಲ್ಲಿಯವರೆಗೆ ಹೇಳುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಒಂದು ಕ್ಯಾಂಡಲ್ ಓದುವುದು ಹೇಗೆ ಎಂದು ನೋಡೋಣ. ದಿನ ಯಾವ ಬೆಲೆಯಲ್ಲಿ ಆರಂಭವಾಯಿತು, ಯಾವ ಬೆಲೆಯಲ್ಲಿ ಮುಗಿಯಿತು, ನಡುವೆ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು ಎಂಬ ನಾಲ್ಕು ಸಂಖ್ಯೆಗಳಿಂದ ಅದನ್ನು ಬರೆಯುತ್ತಾರೆ. ಆರಂಭ ಮತ್ತು ಮುಕ್ತಾಯದ ನಡುವಿನ ದಪ್ಪ ಭಾಗ ಬಾಡಿ. ಅದರಾಚೆ ಮೇಲೆ ಕೆಳಗೆ ಚಾಚಿದ ತೆಳು ಗೆರೆಗಳು ವಿಕ್. ಮುಕ್ತಾಯ ಆರಂಭಕ್ಕಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಮಾರ್ಚ್ 24ರಂದು ನಿಫ್ಟಿ ಹಿಂದಿನ ದಿನಕ್ಕಿಂತ 190 ಅಂಶ ಮೇಲೆ ಮುಗಿಯಿತು. ಪತ್ರಿಕೆಗಳು ‘ಏರಿಕೆ’ ಎಂದೇ ಬರೆದವು. ಆದರೆ ಆ ದಿನದ ಕ್ಯಾಂಡಲ್ ಕೆಂಪು, ಏಕೆಂದರೆ ಸೂಚ್ಯಂಕ ಆರಂಭವಾದದ್ದು 7,848ರಲ್ಲಿ, ಮುಗಿದದ್ದು 7,801ರಲ್ಲಿ. ಕ್ಯಾಂಡಲ್ ಬಣ್ಣ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸವನ್ನು ಹೇಳುವುದಿಲ್ಲ. ಬೆಳಗಿನ 9.15ರಿಂದ ಮಧ್ಯಾಹ್ನ 3.30ರ ತನಕ ಕೊಳ್ಳುವವರಿಗೂ ಮಾರುವವರಿಗೂ ನಡೆದ ಜಗ್ಗಾಟದಲ್ಲಿ ಕೊನೆಗೆ ಯಾರ ಕೈ ಮೇಲಾಯಿತು ಎಂಬುದನ್ನಷ್ಟೇ ಹೇಳುತ್ತದೆ.

ಇಂಥ ಮೂರು ಕ್ಯಾಂಡಲ್‌ಗಳನ್ನು ಸೇರಿಸಿ ಓದುವ ಅಭ್ಯಾಸ ಜಪಾನಿನ ಅಕ್ಕಿ ವ್ಯಾಪಾರದಿಂದ ಬಂದದ್ದು. 18ನೇ ಶತಮಾನದ ಸಕಾತಾ ಊರಿನ ಅಕ್ಕಿ ವರ್ತಕ ಮುನೆಹಿಸಾ ಹೊಮ್ಮಾನ ಹೆಸರಿಗೆ ಈ ವಿದ್ಯೆಯನ್ನೆಲ್ಲ ಕಟ್ಟುವುದು ವಾಡಿಕೆ. ಅವನು ಒಸಾಕಾದ ದೋಜಿಮಾ ಅಕ್ಕಿ ಪೇಟೆಯಲ್ಲಿ ದೊಡ್ಡ ಹಣ ಮಾಡಿದವನು ಎಂಬುದು ಸರಿ. ಆದರೆ ಇಂದು ನಾವು ಕಾಣುವ ಚಿತ್ರರೂಪ ಅವನ ಕಾಲದ ನಂತರ, ಮೇಜಿ ಯುಗದಲ್ಲಿ ಬೆಳೆದಿರಬೇಕು ಎನ್ನುವವರೂ ಇದ್ದಾರೆ. ಅದನ್ನು ಹೊರ ಜಗತ್ತಿಗೆ ಪರಿಚಯಿಸಿದವರಲ್ಲಿ ಅಮೆರಿಕದ ಸ್ಟೀವ್ ನಿಸನ್ ಮುಖ್ಯರು. ಅವರ ಪುಸ್ತಕ ಬಂದದ್ದು 1991ರಲ್ಲಿ.

ಪುಸ್ತಕದಲ್ಲಿರುವ ಮಾರ್ನಿಂಗ್ ಸ್ಟಾರ್ ಹೀಗಿರುತ್ತದೆ. ಬೆಲೆ ಕೆಲವು ದಿನಗಳಿಂದ ಇಳಿಯುತ್ತಿರಬೇಕು. ಮೊದಲ ದಿನ ಉದ್ದನೆಯ ಕೆಂಪು ಕ್ಯಾಂಡಲ್. ಎರಡನೆಯ ದಿನ ಬೆಲೆ ಇನ್ನೂ ಕೆಳಗೆ, ಒಂದು ಗ್ಯಾಪ್ ಬಿಟ್ಟು ಆರಂಭವಾಗಿ, ಎತ್ತಲೂ ಹೆಚ್ಚು ಸರಿಯದೆ ಸಣ್ಣ ಬಾಡಿಯೊಂದಿಗೆ ಮುಗಿಯುತ್ತದೆ. ಅದೇ ನಕ್ಷತ್ರ. ಅದರ ಬಣ್ಣ ಯಾವುದಾದರೂ ಆಗಬಹುದು. ಮೂರನೆಯ ದಿನ ಉದ್ದನೆಯ ಹಸಿರು ಕ್ಯಾಂಡಲ್ ಬಂದು, ಮೊದಲ ದಿನದ ಕೆಂಪು ಬಾಡಿಯ ಅರ್ಧವನ್ನಾದರೂ ದಾಟಿ ಮುಕ್ತಾಯವಾಗಬೇಕು. ಮಾರುವವರು ಮೊದಲ ದಿನ ಗೆದ್ದರು, ಎರಡನೆಯ ದಿನ ಶುರುವಿನಲ್ಲಿ ಮುನ್ನುಗ್ಗಿದರೂ ಬೆಲೆಯನ್ನು ಮುಂದೆ ತಳ್ಳಲಾಗಲಿಲ್ಲ, ಮೂರನೆಯ ದಿನ ಗೆದ್ದದ್ದನ್ನೂ ಬಿಟ್ಟುಕೊಟ್ಟರು. ಇಷ್ಟೇ ಕಥೆ.

ಈಗ 2020ರ ಮಾರ್ಚ್‌ಗೆ ಬರೋಣ. 23ರಂದು ಆರಂಭ 7,946, ಮುಕ್ತಾಯ 7,610. ಉದ್ದನೆಯ ಕೆಂಪು. ಅದರ ನಡುಬಿಂದು 7,778. 24ರಂದು ಸೂಚ್ಯಂಕ 7,511ಕ್ಕೆ ಇಳಿದು, 8,037ಕ್ಕೆ ಏರಿ, ಕೊನೆಗೆ ಆರಂಭದ ಹತ್ತಿರಕ್ಕೇ ಬಂದು ನಿಂತಿತು. ಅಷ್ಟೊಂದು ಏರಿಳಿತದ ನಡುವೆ ಬಾಡಿ ಬರೀ 47 ಅಂಶ. 25ರಂದು 7,735ರಲ್ಲಿ ಆರಂಭ, 8,318ರಲ್ಲಿ ಮುಕ್ತಾಯ. ನಡುಬಿಂದುವನ್ನಷ್ಟೇ ಅಲ್ಲ, ಮೊದಲ ದಿನದ ಆರಂಭವನ್ನೂ ದಾಟಿತು.

ತಕರಾರು ಇರುವುದು ಎರಡನೆಯ ಕ್ಯಾಂಡಲ್ ಬಗ್ಗೆ. ಪುಸ್ತಕದ ಪ್ರಕಾರ ನಕ್ಷತ್ರದ ಬಾಡಿ 7,610ಕ್ಕಿಂತ ಕೆಳಗಿರಬೇಕಿತ್ತು. ಅದು ಕುಳಿತದ್ದು ಮೊದಲ ದಿನದ ಬಾಡಿಯ ಹೊಟ್ಟೆಯೊಳಗೆ. ಆದ್ದರಿಂದ ಇದು ನಕ್ಷತ್ರವಲ್ಲ, ‘ತ್ರೀ ಇನ್‌ಸೈಡ್ ಅಪ್’ ಎಂಬ ಬೇರೆ ರೂಪ ಎಂದು ಕಟ್ಟುನಿಟ್ಟಿನವರು ಹೇಳುತ್ತಾರೆ. ಹೆಸರಿನ ಮಟ್ಟಿಗೆ ಅವರ ಮಾತೇ ಸರಿ. ಆದರೆ ನಮ್ಮ ಪೇಟೆಯಲ್ಲಿ ಗ್ಯಾಪ್ ಹುಟ್ಟುವುದು ರಾತ್ರಿ ಅಮೆರಿಕದಲ್ಲಿ ಏನಾಯಿತು ಎಂಬುದರ ಮೇಲೆ. ಸೋಮವಾರ ಅಲ್ಲಿನ ಕೇಂದ್ರ ಬ್ಯಾಂಕ್ ಮಿತಿಯಿಲ್ಲದೆ ಬಾಂಡ್ ಕೊಳ್ಳುವುದಾಗಿ ಹೇಳಿತ್ತು. ಅದಕ್ಕೇ ಮಂಗಳವಾರ ನಿಫ್ಟಿ ಮೇಲೆ ತೆರೆಯಿತು, ಗ್ಯಾಪ್ ತಿರುಗಿಬಿತ್ತು. ದಿನಪೂರ್ತಿ ತೆರೆದಿರುವ ವಿದೇಶಿ ವಿನಿಮಯ ಪೇಟೆಯಲ್ಲಂತೂ ವಾರದ ನಡುವೆ ಇಂಥ ಗ್ಯಾಪ್ ಕಾಣುವುದೇ ಅಪರೂಪ. ಅಲ್ಲಿ ಗ್ಯಾಪ್ ಬೇಕೇ ಬೇಕೆಂದು ಕೂತರೆ ವರ್ಷಗಟ್ಟಲೆ ಒಂದು ನಕ್ಷತ್ರವೂ ಸಿಗಲಿಕ್ಕಿಲ್ಲ. ನನ್ನ ಮಟ್ಟಿಗೆ ಬಾಡಿ ಸಣ್ಣದಾಗಿದೆಯೇ, ಮೂರನೆಯ ದಿನ ಎಲ್ಲಿ ಮುಗಿಯಿತು ಎಂಬ ಎರಡೇ ಪ್ರಶ್ನೆಗಳಿಗೆ ತೂಕ ಹೆಚ್ಚು.

ಆ ಮೂರನೆಯ ಕ್ಯಾಂಡಲ್‌ನ ಆರಂಭವನ್ನು ಇನ್ನೊಮ್ಮೆ ನೋಡಿ: 7,735. ಹಿಂದಿನ ಮುಕ್ತಾಯಕ್ಕಿಂತ ಕೆಳಗೆ. ರಾತ್ರಿ ಲಾಕ್‌ಡೌನ್ ಘೋಷಣೆಯಾಗಿದೆ, ಕಾರ್ಖಾನೆಗಳು ಮುಚ್ಚುತ್ತಿವೆ, ಆದರೆ ಅದೇ ರಾತ್ರಿ ಅಮೆರಿಕದ ಡೌ ಜೋನ್ಸ್ ಶೇ 11ರಷ್ಟು ಏರಿದೆ. ಎರಡು ಸುದ್ದಿಗಳ ನಡುವೆ ಪೇಟೆ ಅಳುಕುತ್ತಾ ತೆರೆಯಿತು. ಅಲ್ಲಿಂದ ಕೆಳಗೆ ಹೋದದ್ದು ಇಪ್ಪತ್ತೇ ಅಂಶ. ಅಷ್ಟು ಕೆಟ್ಟ ಸುದ್ದಿಗೂ ಮಾರಲು ಹೊಸಬರು ಬರಲಿಲ್ಲ ಎಂಬುದೇ ಆ ಹಸಿರು ಬಾಡಿಯ ಒಳಗಿರುವ ಸಂಗತಿ. ಕ್ಯಾಂಡಲ್ ಆ ಏರಿಕೆಗೆ ಕಾರಣವಾಗಲಿಲ್ಲ, ಅದನ್ನು ದಾಖಲಿಸಿತು.

ಮೂರನೆಯ ದಿನದ ಮುಕ್ತಾಯಕ್ಕೆ ಇಷ್ಟು ಬೆಲೆ ಇರುವುದರಿಂದ, ಮುಕ್ತಾಯವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದೂ ಗೊತ್ತಿರಬೇಕು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ, ಮುಕ್ತಾಯದ ಬೆಲೆ ಎಂದರೆ 3.30ಕ್ಕೆ ನಡೆದ ಕೊನೆಯ ವ್ಯವಹಾರದ ಬೆಲೆಯಲ್ಲ, 3ರಿಂದ 3.30ರ ತನಕ ನಡೆದ ವ್ಯವಹಾರಗಳನ್ನೆಲ್ಲ ಪ್ರಮಾಣದ ಲೆಕ್ಕದಲ್ಲಿ ಹಾಕಿ ತೆಗೆದ ಸರಾಸರಿ. ಕೊನೆಯ ಹತ್ತು ನಿಮಿಷದಲ್ಲಿ ಬೆಲೆ ಧಡಕ್ಕನೆ ಏರಿ ನಡುಬಿಂದು ದಾಟಿದ್ದು ಪರದೆಯ ಮೇಲೆ ಕಂಡು, ‘ನಕ್ಷತ್ರ ಆಯಿತು’ ಎಂದು 3.28ಕ್ಕೆ ಕೊಂಡವರು, ಸಂಜೆ ಅಧಿಕೃತ ಅಂಕಿ ಬಂದಾಗ ಮುಕ್ತಾಯ ನಡುಬಿಂದುವಿನ ಕೆಳಗೇ ಉಳಿದದ್ದನ್ನು ನೋಡಬೇಕಾಗುತ್ತದೆ. ಎರಡು ಆ್ಯಪ್‌ಗಳಲ್ಲಿ ಒಂದೇ ಷೇರಿನ ಕ್ಯಾಂಡಲ್ ಬೇರೆಬೇರೆಯಾಗಿ ಕಾಣುವುದಕ್ಕೂ ಹಲವು ಸಲ ಇದೇ ಕಾರಣ: ಒಂದು ಕೊನೆಯ ಬೆಲೆಯನ್ನು ಹಿಡಿಯುತ್ತದೆ, ಇನ್ನೊಂದು ಸರಾಸರಿಯನ್ನು.

ಈ ರೂಪದ ದೊಡ್ಡ ತೊಡಕು ಬೇರೆಡೆ ಇದೆ. ಖಾತ್ರಿ ಸಿಗುವ ತನಕ ಕಾದರೆ, ಕಾದದ್ದಕ್ಕೆ ದುಡ್ಡು ಕೊಡಬೇಕು. ಮಾರ್ನಿಂಗ್ ಸ್ಟಾರ್ ನಂಬಿ ಕೊಂಡವರು ಸಾಮಾನ್ಯವಾಗಿ ಮೂರು ದಿನಗಳ ಅತಿ ಕೆಳಗಿನ ಬೆಲೆಯ ಕೆಳಗೆ ಸ್ಟಾಪ್‌ಲಾಸ್ ಇಡುತ್ತಾರೆ. ಬೆಲೆ ಅಲ್ಲಿಗೆ ಬಂದರೆ ಮಾರುವವರು ಮತ್ತೆ ಗೆದ್ದರು, ನಮ್ಮ ಕಥೆ ಸುಳ್ಳಾಯಿತು ಎಂದರ್ಥ. ಯುಗಾದಿಯ ದಿನ 8,318ರಲ್ಲಿ ಕೊಂಡವರಿಗೆ ಆ ಗೆರೆ 7,511ರಲ್ಲಿತ್ತು. ನಡುವೆ 807 ಅಂಶ, ಅಂದರೆ ಶೇ 9.7. ಆಗ ನಿಫ್ಟಿ ಫ್ಯೂಚರ್ಸ್‌ನ ಒಂದು ಲಾಟ್ 75. ಒಂದೇ ಲಾಟ್‌ಗೆ ಸೋಲು ಸುಮಾರು 60,500 ರೂಪಾಯಿ. ಒಂದು ವ್ಯವಹಾರದಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದು ನಿಯಮ ಹಾಕಿಕೊಂಡವರಿಗೆ ಈ ನಕ್ಷತ್ರ ಎಷ್ಟೇ ಹೊಳೆದರೂ ಕೈಗೆಟುಕುವುದಿಲ್ಲ. ಅವರು ಪ್ರಮಾಣವನ್ನು ಹನ್ನೆರಡಕ್ಕೆ ಇಳಿಸಬೇಕು. ಫ್ಯೂಚರ್ಸ್‌ನಲ್ಲಿ ಹಾಗೆ ಮಾಡಲು ಬರುವುದಿಲ್ಲ, ಸೂಚ್ಯಂಕದ ಇಟಿಎಫ್‌ನಲ್ಲಿ ಬರುತ್ತದೆ.

ಇನ್ನೊಂದು ದಾರಿ, ಬೆಲೆ ತುಸು ಹಿಂದೆ ಬರಲಿ ಎಂದು ಕಾಯುವುದು. ಆ ಸಲ ಬಂತು ಕೂಡ. ಏಪ್ರಿಲ್ 3ರಂದು ನಿಫ್ಟಿ 8,084ಕ್ಕೆ ಇಳಿದು ಮುಗಿಯಿತು. ಅಲ್ಲಿ ಕೊಂಡಿದ್ದರೆ ಸ್ಟಾಪ್‌ಲಾಸ್ 573 ಅಂಶ ದೂರ. ಆದರೆ ಆ ಒಂಬತ್ತು ದಿನಗಳಲ್ಲಿ ಯುಗಾದಿಯ ದಿನ ಕೊಂಡವರು ಮೊದಲು ಲಾಭ ಕಂಡು, ಆಮೇಲೆ ನಷ್ಟ ಕಂಡು, ಎಷ್ಟು ಮಂದಿ ಬೇಸತ್ತು ಮಾರಿ ಹೊರಬಂದರೋ. ಬೆಲೆ ಹಿಂದೆ ಬರುತ್ತದೆ ಎಂಬ ಭರವಸೆಯೂ ಇಲ್ಲ. ಬಾರದೆ ಹೋದಾಗ ಕಾದವರು ಪೂರ್ತಿ ಏರಿಕೆಯನ್ನೇ ಕಳೆದುಕೊಳ್ಳುತ್ತಾರೆ.

ಈವ್ನಿಂಗ್ ಸ್ಟಾರ್ ಇದನ್ನೇ ತಲೆಕೆಳಗು ಮಾಡಿದ್ದು: ಏರಿಕೆಯ ತುದಿಯಲ್ಲಿ ಉದ್ದ ಹಸಿರು, ಮೇಲೊಂದು ಸಣ್ಣ ಬಾಡಿ, ನಂತರ ಹಸಿರಿನ ಅರ್ಧಕ್ಕಿಂತ ಕೆಳಗೆ ಮುಗಿಯುವ ಕೆಂಪು. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಿಫ್ಟಿಯಲ್ಲಿ ಇದು ಬಂತು. 26ರಂದು 26,005ರಿಂದ 26,216ಕ್ಕೆ ಏರಿದ ಹಸಿರು ಕ್ಯಾಂಡಲ್. 27ರಂದು 26,248ರಲ್ಲಿ ತೆರೆದು, 26,277 ಎಂಬ ಅದುವರೆಗಿನ ಅತಿ ಎತ್ತರ ಮುಟ್ಟಿ, 26,179ಕ್ಕೆ ಇಳಿದು ಮುಗಿಯಿತು. ಬಾಡಿ 69 ಅಂಶ. 30ರಂದು 26,061ರಲ್ಲಿ ಕೆಳಗೇ ತೆರೆದು 25,811ರಲ್ಲಿ ಮುಕ್ತಾಯ. ಮೊದಲ ಹಸಿರಿನ ನಡುಬಿಂದು 26,111 ಇತ್ತು. ಕೆಂಪು ಅದನ್ನೂ ದಾಟಿ, ಹಸಿರು ಶುರುವಾದ ಜಾಗಕ್ಕಿಂತಲೂ ಕೆಳಗೆ ಬಂತು. ಇಲ್ಲಿ ಸ್ಟಾಪ್‌ಲಾಸ್ 26,277ರ ಮೇಲೆ. ದೂರ 466 ಅಂಶ, ಶೇ 1.8 ಮಾತ್ರ. ಗಾಬರಿಯ ಪೇಟೆಯಲ್ಲಿ ಶೇ 9.7 ಕೇಳಿದ ಅದೇ ರೂಪ, ತಣ್ಣಗಿನ ಪೇಟೆಯಲ್ಲಿ ಶೇ 1.8 ಕೇಳುತ್ತದೆ. ಅಕ್ಟೋಬರ್ 3ರ ಹೊತ್ತಿಗೆ ನಿಫ್ಟಿ 25,250ಕ್ಕೆ ಬಂದಿತ್ತು.

ಮುಂದಿನ ಮಾರ್ಚ್ ತನಕ ನಡೆದ ಕುಸಿತವನ್ನೆಲ್ಲ ಈ ನಕ್ಷತ್ರದ ಖಾತೆಗೆ ಬರೆಯುವವರಿದ್ದಾರೆ. ಅದು ಅತಿಯಾಯಿತು. ವಿದೇಶಿ ಹೂಡಿಕೆದಾರರ ಮಾರಾಟ, ಕಂಪನಿಗಳ ಸಪ್ಪೆ ಫಲಿತಾಂಶ, ಇವು ತಿಂಗಳುಗಟ್ಟಲೆ ಕೆಲಸ ಮಾಡಿದವು. ನಡುವೆ ಡಿಸೆಂಬರ್ ಆರಂಭದಲ್ಲಿ ಒಳ್ಳೆಯ ಚೇತರಿಕೆಯೂ ಬಂತು. ಮೂರು ದಿನದ ರೂಪ ಮುಂದಿನ ಕೆಲವು ದಿನಗಳ ಬಗ್ಗೆ ಮಾತಾಡಬಲ್ಲದು, ಆರು ತಿಂಗಳ ಬಗ್ಗೆ ಅಲ್ಲ. ಇನ್ನೊಂದು ಮಾತು: ನಾನು ತೋರಿಸಿದ ಎರಡೂ ನಕ್ಷತ್ರಗಳು ಎಲ್ಲರಿಗೂ ಗೊತ್ತಿರುವ ತಳ ಮತ್ತು ತುದಿಯವು. ತಳ ಎಲ್ಲಿ ಎಂದು ಗೊತ್ತಾದ ಮೇಲೆ ಅಲ್ಲಿ ನಕ್ಷತ್ರ ಹುಡುಕುವುದು ಸುಲಭ. ಬಂದು, ಎರಡೇ ದಿನದಲ್ಲಿ ಅಳಿಸಿಹೋದವು ಯಾವ ಪಾಠದಲ್ಲೂ ಸೇರುವುದಿಲ್ಲ.

ಅದಕ್ಕೇ ಎಲ್ಲವನ್ನೂ ಎಣಿಸಿ ನೋಡಿದವರ ಮಾತು ಬೇಕಾಗುತ್ತದೆ. 1998ರಲ್ಲಿ ಗುಂದೂಸ್ ಕಾಗಿನಾಲ್ಪ್ ಮತ್ತು ಹೆನ್ರಿ ಲಾರೆಂಟ್ ಪ್ರಕಟಿಸಿದ ಅಧ್ಯಯನ 1992–96ರ ಅಮೆರಿಕದ ಎಸ್ ಆ್ಯಂಡ್ ಪಿ 500 ಷೇರುಗಳಲ್ಲಿ ಎಂಟು ಮೂರು-ದಿನದ ರೂಪಗಳನ್ನು ಪರೀಕ್ಷಿಸಿತು. ಎರಡೂ ನಕ್ಷತ್ರಗಳೂ ಮುಂದೆ ಹೇಳಲಿರುವ ಸೈನಿಕರೂ ಅದರಲ್ಲಿದ್ದವು. ಒಟ್ಟಾರೆ ಮುನ್ಸೂಚನೆಯ ಶಕ್ತಿ ಇದೆ, ಎರಡು ದಿನಗಳ ಅವಧಿಯಲ್ಲಿ ಸುಮಾರು ಶೇ 1ರಷ್ಟು ಲಾಭವಿದೆ ಎಂದು ಅವರು ಕಂಡರು. ಗಮನಿಸಬೇಕಾದ್ದು, ಅವರು ‘ಇಳಿಕೆ’ ಎಂದರೆ ಏನು ಎಂಬುದನ್ನು ಮೂರು ದಿನದ ಸರಾಸರಿಯ ಲೆಕ್ಕದಲ್ಲಿ ಮೊದಲೇ ಗೊತ್ತುಮಾಡಿಕೊಂಡಿದ್ದರು, ಕಣ್ಣಂದಾಜಿಗೆ ಬಿಟ್ಟಿರಲಿಲ್ಲ. 2006ರಲ್ಲಿ ಮಾರ್ಷಲ್, ಯಂಗ್, ರೋಸ್ ಎಂಬ ಮೂವರು 1992ರಿಂದ 2002ರವರೆಗಿನ ಡೌ ಜೋನ್ಸ್ ಷೇರುಗಳಲ್ಲಿ ಹಲವು ಕ್ಯಾಂಡಲ್ ರೂಪಗಳನ್ನು ನೋಡಿ, ಅವುಗಳನ್ನು ನಂಬಿ ವ್ಯವಹರಿಸಿದರೆ ಲಾಭವಿಲ್ಲ ಎಂದರು. ಒಬ್ಬರು ಕಂಡ ಲಾಭ ಅಷ್ಟು ತೆಳು, ಅಷ್ಟು ಕಡಿಮೆ ದಿನಗಳದ್ದು. ದಲ್ಲಾಳಿ ಶುಲ್ಕ, ತೆರಿಗೆ, ಕೊಳ್ಳುವಾಗಿನ ಬೆಲೆಯ ಜಾರು ಇವೆಲ್ಲ ಸೇರಿದರೆ ಅದರಲ್ಲಿ ಎಷ್ಟು ಉಳಿದೀತು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಇನ್ನು ತ್ರೀ ವೈಟ್ ಸೋಲ್ಜರ್ಸ್, ಮೂವರು ಬಿಳಿ ಸೈನಿಕರು. ಕಪ್ಪು-ಬಿಳುಪಿನ ಅಚ್ಚಿನ ಕಾಲದಲ್ಲಿ ಏರಿಕೆಗೆ ಬಿಳಿ ಬಳಸುತ್ತಿದ್ದರು; ನಮ್ಮ ಪರದೆಗಳಲ್ಲಿ ಇವರು ಹಸಿರು. ಒಂದು ಷೇರು 200 ರೂಪಾಯಿಯಲ್ಲಿ ತೆರೆದು 206ರಲ್ಲಿ ಮುಗಿಯಿತು ಎಂದಿಟ್ಟುಕೊಳ್ಳಿ. ಮರುದಿನ 204ರಲ್ಲಿ ತೆರೆದು 211, ಮೂರನೆಯ ದಿನ 209ರಲ್ಲಿ ತೆರೆದು 216. ಪ್ರತಿ ದಿನದ ಆರಂಭ ಹಿಂದಿನ ಬಾಡಿಯ ಒಳಗೆ, ಪ್ರತಿ ಮುಕ್ತಾಯ ದಿನದ ಎತ್ತರದ ಹತ್ತಿರ. ತುಸು ಕೆಳಗೆ ತೆರೆಯಬೇಕು ಎಂಬ ನಿಯಮದಲ್ಲಿ ಅರ್ಥವಿದೆ. ಬೆಳಿಗ್ಗೆ ಲಾಭ ಮಾಡಿಕೊಳ್ಳುವವರು ಮಾರುತ್ತಾರೆ, ದಿನವಿಡೀ ಯಾರೋ ಅದನ್ನೆಲ್ಲ ಕೊಂಡು ಮುಗಿಸಿ ಬೆಲೆಯನ್ನು ಮೇಲಕ್ಕೆ ತರುತ್ತಾರೆ. ಮೂರು ದಿನ ಸತತವಾಗಿ ಹೀಗಾದರೆ ಅದು ಒಂದೆರಡು ಕೈಗಳ ಕೆಲಸವಲ್ಲ ಎಂದು ಊಹಿಸಬಹುದು.

ನಕ್ಷತ್ರಗಳು ತಿರುವನ್ನಷ್ಟೇ ಹೇಳುತ್ತವೆ. ಸೈನಿಕರ ಅರ್ಥ ಅವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಬದಲಾಗುತ್ತದೆ. ದೀರ್ಘ ಇಳಿಕೆಯ ತಳದಲ್ಲಿ ಬಂದರೆ ತಿರುವು. ಏರಿಕೆಯ ನಡುವೆ ಬೆಲೆ ಕೆಲವು ವಾರ ಒಂದೇ ಕಡೆ ಅಡ್ಡಾಡಿ, ಆ ಪಟ್ಟಿಯನ್ನು ದಾಟುವಾಗ ಬಂದರೆ ಮುಂದುವರಿಕೆ. ತಿಂಗಳುಗಟ್ಟಲೆ ಏರಿದ ಬೆಲೆಯ ತುದಿಯಲ್ಲಿ ಬಂದರೆ ಕೊನೆಯವರೂ ಕೊಂಡು ಮುಗಿಸಿದರು ಎಂಬ ಸಂಶಯ. ಮೂರನೆಯ ಸೈನಿಕ ಕುಗ್ಗಿದನೇ ಎಂದು ನೋಡುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಮೂರನೆಯ ದಿನ ಬೆಲೆ 217 ಮುಟ್ಟಿ 212ಕ್ಕೆ ಇಳಿದು ಮುಗಿದಿದ್ದರೆ, ಬಾಡಿ ಚಿಕ್ಕದಾಗಿ, ಮೇಲೆ ಉದ್ದ ವಿಕ್ ಉಳಿಯುತ್ತಿತ್ತು. ಹಾಗೆ ಮುಗ್ಗರಿಸಿದ ರೂಪಕ್ಕೆ ‘ಅಡ್ವಾನ್ಸ್ ಬ್ಲಾಕ್’ ಎಂಬ ಬೇರೆಯೇ ಹೆಸರಿದೆ. ಏರಿಕೆ ದಣಿದಿದೆ ಎಂದು ಅದನ್ನು ಓದುತ್ತಾರೆ.

ಸಣ್ಣ ಕಂಪನಿಗಳ ಷೇರುಗಳಲ್ಲಿ ಸುಳ್ಳು ಸೈನಿಕರೂ ಸಿಗುತ್ತಾರೆ. ದಿನಕ್ಕೆ ಶೇ 5ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿಯುಳ್ಳ ಷೇರು ಬೆಳಿಗ್ಗೆಯೇ ಅಪ್ಪರ್ ಸರ್ಕ್ಯೂಟ್ ಮುಟ್ಟಿ ಅಲ್ಲೇ ನಿಂತರೆ ಬಾಡಿ ಇಲ್ಲ, ವಿಕ್ ಇಲ್ಲ, ಬರೀ ಒಂದು ಅಡ್ಡಗೆರೆ. ಮೂರು ದಿನದಲ್ಲಿ ಬೆಲೆ ಶೇ 15ಕ್ಕಿಂತ ಹೆಚ್ಚು ಏರಿರುತ್ತದೆ, ಆದರೆ ಕೊಳ್ಳುವವರ ಸಾಲು ಉದ್ದ, ಮಾರುವವರಿಲ್ಲ. ಅಲ್ಲಿ ಜಗ್ಗಾಟವೇ ನಡೆದಿಲ್ಲ. ಲೋವರ್ ಸರ್ಕ್ಯೂಟ್‌ಗಳ ಸರದಿ ಬಂದಾಗ ಇದೇ ಸಾಲು ಮಾರುವವರ ಕಡೆ ಬೆಳೆಯುತ್ತದೆ, ಸ್ಟಾಪ್‌ಲಾಸ್ ಇದ್ದರೂ ಕೊಳ್ಳುವವರಿಲ್ಲ.

ನಿಫ್ಟಿಗೇ ಹಿಂತಿರುಗಿದರೆ, 2025ರ ಮಾರ್ಚ್ 17ರಿಂದ 21ರವರೆಗೆ ಐದು ದಿನ ಸಾಲಾಗಿ ಹಸಿರು. ಆ ತಿಂಗಳ ಆರಂಭದಲ್ಲಿ 22,000ದ ಕೆಳಗೆ ಇಣುಕಿ ಬಂದಿದ್ದ ಸೂಚ್ಯಂಕ ಆ ವಾರ 23,350ಕ್ಕೆ ಮುಗಿಯಿತು. ತಳದಲ್ಲಿ ಸೈನಿಕರು ಎಂದು ಅನೇಕರು ಸಂಭ್ರಮಿಸಿದರು. ಹತ್ತಿರ ಹೋಗಿ ನೋಡಿದರೆ 17ರಂದು 22,509ರಲ್ಲಿ ಮುಗಿದದ್ದು 18ರಂದು 22,662ರಲ್ಲಿ ತೆರೆದಿದೆ. ಆ ದಿನದ 325 ಅಂಶಗಳ ಏರಿಕೆಯಲ್ಲಿ ಅರ್ಧದಷ್ಟು ಬೆಳಗಿನ ಗ್ಯಾಪ್‌ನಲ್ಲೇ ಬಂದದ್ದು. 19ರಂದು ಬಾಡಿ ಬರೀ 33 ಅಂಶ. 20ರಂದು ಮತ್ತೆ ಗ್ಯಾಪ್. ಹಿಂದಿನ ಬಾಡಿಯೊಳಗೆ ತೆರೆದು ಮೇಲೇರಿದ್ದು 21ರಂದು ಮಾತ್ರ. ದಿನವಿಡೀ ನಿಂತು ಕೊಂಡವರಿಗಿಂತ ರಾತ್ರಿಯ ಸುದ್ದಿಗೆ ಬೆಳಿಗ್ಗೆ ಓಡಿಬಂದವರ ಪಾಲು ಇಲ್ಲಿ ದೊಡ್ಡದಿತ್ತು.

ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷರು ಜಗತ್ತಿನ ಮೇಲೆಲ್ಲ ಸುಂಕ ಘೋಷಿಸಿದರು. 4ರಂದು ನಿಫ್ಟಿ 22,904ರಲ್ಲಿ ಮುಗಿದಿತ್ತು. ಸೈನಿಕರನ್ನು ನಂಬಿ ಕೊಂಡು, ಮೊದಲ ಸೈನಿಕನ ಆರಂಭವಾದ 22,353ರ ತುಸು ಕೆಳಗೆ, 22,300ರಲ್ಲಿ ಸ್ಟಾಪ್‌ಲಾಸ್ ಇಟ್ಟವರಿದ್ದರೆ, ಶುಕ್ರವಾರ ರಾತ್ರಿ ಅವರಿಗೆ ಇನ್ನೂ 600 ಅಂಶಗಳ ಅಂತರ ಕಾಣುತ್ತಿತ್ತು. 7ರ ಸೋಮವಾರ ಬೆಳಿಗ್ಗೆ ಸೂಚ್ಯಂಕ ತೆರೆದದ್ದೇ 21,758ರಲ್ಲಿ. ಆ 22,300 ಎಂಬ ಬೆಲೆ ಅಂದಿನ ಆರಂಭದಲ್ಲಿ ಇರಲೇ ಇಲ್ಲ. ಅವರ ಆದೇಶ ಸಿಕ್ಕ ಬೆಲೆಗೆ, ಅಂದರೆ 500ಕ್ಕೂ ಹೆಚ್ಚು ಅಂಶ ಕೆಳಗೆ ಮಾರಾಟವಾಗಿರಬೇಕು. ಆ ದಿನ ನಿಫ್ಟಿ 21,744ರಿಂದ ಮೇಲೆದ್ದು 22,162ರಲ್ಲಿ ಮುಗಿಯಿತು. ಮೇ ತಿಂಗಳ ನಡುವೆ 25,000 ದಾಟಿತು. ಅಷ್ಟರಲ್ಲಿ ಅವರು ಪೇಟೆಯಿಂದ ಹೊರಗಿದ್ದರು.